ಇಳಿದ ಬೆಲೆಗೆ ಷೇರು: ಪುಟ್ ಮಾರುವವರ ಹೊಣೆ

ಮಲ್ಕಾಜ್‌ಗಿರಿಯ ವಾಚಕರೊಬ್ಬರು 500 ರೂಪಾಯಿಯ ಷೇರನ್ನು 480ಕ್ಕೆ ಕೊಳ್ಳಬಯಸಿದ್ದಾರೆಂದು ಭಾವಿಸೋಣ. 480ರ ದರದ ಪುಟ್ ಆಪ್ಷನ್ ಮಾರಿದರೆ ಷೇರೊಂದಕ್ಕೆ 10 ರೂಪಾಯಿ ಪ್ರೀಮಿಯಂ ದೊರೆಯುತ್ತದೆ. ಪ್ರತಿಯಾಗಿ, ಆ ದರಕ್ಕೆ ಷೇರನ್ನು ಕೊಳ್ಳುವ ಹೊಣೆ ಇವರದು. ಬಿಡಿ ಷೇರಿಗೆ ಈ ವ್ಯವಹಾರವಿಲ್ಲ. ಲಾಟ್ 1,000 ಷೇರುಗಳದ್ದಾದರೆ 4,80,000 ರೂಪಾಯಿ ತೆಗೆದಿರಿಸಬೇಕು. ದಲ್ಲಾಳಿ ಮೊದಲು ಕೇಳುವ ಮಾರ್ಜಿನ್ ಅದಕ್ಕಿಂತ ಬಹಳ ಕಡಿಮೆ. ಜನ ಎಡವುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಈ ಹೊಣೆ ಇತ್ಯರ್ಥವಾಗುವುದು ವಾಯಿದೆಯ ಕೊನೆಯ ದಿನ. ಅಂದು ಷೇರು 480ಕ್ಕಿಂತ ಮೇಲಿದ್ದರೆ ಪ್ರೀಮಿಯಂ ಉಳಿಯುತ್ತದೆ, ಷೇರು ಸಿಗದು. ಕೆಳಗಿದ್ದರೆ, 2019ರ ಅಕ್ಟೋಬರ್‌ನಿಂದೀಚೆಗೆ ವ್ಯತ್ಯಾಸದ ಹಣವನ್ನಷ್ಟೇ ತೆತ್ತು ಜಾರಿಕೊಳ್ಳುವಂತಿಲ್ಲ. ಇಡೀ ಲಾಟನ್ನು ಕೊಳ್ಳಲೇಬೇಕು. ಪ್ರೀಮಿಯಂ ಕಳೆದರೆ ಬಿದ್ದ ಬೆಲೆ 470. ಷೇರು 400ಕ್ಕೆ ಕುಸಿದಿದ್ದರೂ ಅದೇ 470. ಅಂದಿನ ನಷ್ಟ 70,000 ರೂಪಾಯಿ. ವಾಯಿದೆಗೆ ಮುನ್ನ ಪುಟ್ಟನ್ನು ಮರಳಿ ಕೊಂಡು ಬಿಡಿಸಿಕೊಳ್ಳಬಹುದು. ಆದರೆ ಷೇರು ಹಾಗೆ ಕುಸಿದಾಗ ಪುಟ್ಟಿನ ಬೆಲೆಯೂ ಏರಿರುತ್ತದೆ.