ಮಾತ್ರೆ ಡಬ್ಬಿಯ ಪಕ್ಕಕ್ಕೊಂದು ಹಾಳೆ

ಊರಲ್ಲಿರುವ ಅಪ್ಪ-ಅಮ್ಮನಿಗೆ ಮಾತ್ರೆಯ ಹೊತ್ತು ನೆನಪಿಸುವ ಡಬ್ಬಿಯನ್ನೂ ತುರ್ತು ಗುಂಡಿಯನ್ನೂ ಕೈಯಾರೆ ಮಾಡಿಕೊಡುವ ಮಕ್ಕಳಿದ್ದಾರೆ. ಒಂದು ಇಎಸ್‌ಪಿ32 ಬೋರ್ಡು, ಬಝರ್, ನಾಲ್ಕು ಖಾನೆಯ ಡಬ್ಬಿ, ಮನೆಯ ವೈಫೈ ಇದ್ದರೆ ಅದು ಆಗುವ ಕೆಲಸ. ಕಷ್ಟವಿರುವುದು, ಅದನ್ನು ಬಳಸುವುದು ಹೇಗೆಂದು ಹಿರಿಯರಿಗೆ ಬರೆದಿಡುವುದರಲ್ಲಿ.

ಹೊತ್ತಾದಾಗ ಖಾನೆಯ ದೀಪ ಹತ್ತಿ ಬಝರ್ ಕೂಗುತ್ತದೆ, ಮುಚ್ಚಳ ತೆಗೆದರೆ ನಿಲ್ಲುತ್ತದೆ. ಡಬ್ಬಿಗೆ ತಿಳಿಯುವುದು ಮುಚ್ಚಳ ತೆಗೆದದ್ದು ಮಾತ್ರ, ಮಾತ್ರೆ ನುಂಗಿದ್ದಲ್ಲ. ಒಲೆ ಮೇಲೆ ಹಾಲಿಟ್ಟ ಅಮ್ಮ ಸದ್ದು ನಿಲ್ಲಲೆಂದು ಮುಚ್ಚಳ ತೆಗೆದು ಮುಚ್ಚುತ್ತಾರೆ. ಹಾಲಿಳಿಸುವಷ್ಟರಲ್ಲಿ ಮಾತ್ರೆ ಮರೆತಿರುತ್ತದೆ. ಮಗನ ಫೋನಿಗೆ ಮಾತ್ರ ‘ಮಾತ್ರೆ ಆಯಿತು’ ಎಂಬ ಸಂದೇಶ ಹೋಗಿರುತ್ತದೆ. ಆದ್ದರಿಂದ ಹಾಳೆಯ ಮೊದಲ ಸಾಲು ಹೀಗಿರಲಿ:

“ನೀರಿನ ಲೋಟ ಕೈಗೆ ಬಂದ ಮೇಲೆಯೇ ಮುಚ್ಚಳ ತೆಗೆಯಿರಿ. ಅಲ್ಲಿಯವರೆಗೆ ಕೂಗಲಿ, ಬಿಡಿ.”

ಎರಡನೆಯದು: “ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ತಗೋಬೇಡಿ. ನಮಗೆ ಫೋನ್ ಮಾಡಿ, ಡಾಕ್ಟರನ್ನು ಕೇಳಿ ಹೇಳುತ್ತೇವೆ.”

ಖಾನೆಗಳನ್ನು ಬಣ್ಣದಿಂದ ಗುರುತಿಸಬೇಡಿ. ಪೊರೆ ಬಂದ ಕಣ್ಣಿಗೆ ನೀಲಿ, ಹಸಿರು ಬೇರೆಯಾಗಿ ಕಾಣುವುದು ಕಷ್ಟ. ‘ಎಡಗಡೆಯ ಮೊದಲನೆಯದು, ಬೆಳಗ್ಗೆ ತಿಂಡಿಗೆ ಮುಂಚೆ’ ಎಂದು ಬರೆಯಿರಿ. ವಯಸ್ಸಾದಂತೆ ಮೊದಲು ಕೈಕೊಡುವುದು ಕೀರಲು ದನಿಯ ಕೇಳಿಸುವಿಕೆ, ಹಾಗಾಗಿ ಬಝರ್ ದಪ್ಪ ದನಿಯದಿರಲಿ.

ತುರ್ತು ಗುಂಡಿ ಕೊರಳ ದಾರದಲ್ಲಿರಲಿ, ಬಚ್ಚಲಿಗೂ ಅದು ಜೊತೆಗೆ ಹೋಗಬೇಕು. ನೀರು ಒಳಹೋಗದಂತೆ ಅದನ್ನು ಮುಚ್ಚಿರಬೇಕು. ಹಿರಿಯರು ಗುಂಡಿ ಒತ್ತಲು ಹಿಂಜರಿಯುವುದು ಮಕ್ಕಳಿಗೆ ತೊಂದರೆಯಾದೀತೆಂದು. ಅದಕ್ಕೂ ಹಾಳೆಯಲ್ಲಿ ಉತ್ತರ ಬೇಕು:

“ಬಿದ್ದರೆ, ತಲೆ ಸುತ್ತಿದರೆ ಮೂರು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಡಬ್ಬಿ ಒಂದು ಸಲ ಕೂಗಿದರೆ ಸಂದೇಶ ಹೊರಟಿದೆ. ನಾವು ಫೋನ್ ಮಾಡುತ್ತೇವೆ. ಐದು ನಿಮಿಷದಲ್ಲಿ ಫೋನ್ ಬರದಿದ್ದರೆ ಪಕ್ಕದ ಮನೆಯವರನ್ನು ಕೂಗಿ. ಎದೆನೋವು, ಉಸಿರಾಟದ ತೊಂದರೆಗೆ ಕಾಯಬೇಡಿ, ನೇರ 108ಕ್ಕೆ ಫೋನ್ ಮಾಡಿ. ತಪ್ಪಿ ಒತ್ತಿದರೂ ಚಿಂತೆಯಿಲ್ಲ, ಫೋನ್ ಬಂದಾಗ ಹೇಳಿದರೆ ಸಾಕು.”

ಗುಂಡಿ 108ಕ್ಕೆ ತಾನೇ ಕರೆ ಮಾಡುವುದಿಲ್ಲ ಎಂಬುದನ್ನೂ ಬರೆದಿರಬೇಕು. ಕರೆಂಟು ಹೋದರೆ ವೈಫೈ ಹೋಗುತ್ತದೆ, ಸಂದೇಶವೂ ನಿಲ್ಲುತ್ತದೆ. ರೂಟರಿಗೂ ಡಬ್ಬಿಗೂ ಬ್ಯಾಟರಿ ಬ್ಯಾಕಪ್ ಕೊಡಿ. ಅದೂ ಮುಗಿಯಬಹುದು, ಆದ್ದರಿಂದ ಹಾಳೆಯ ಕೊನೆಗೆ: “ಚಿಕ್ಕ ದೀಪ ಆರಿದ್ದರೆ ಡಬ್ಬಿಯನ್ನೂ ಗುಂಡಿಯನ್ನೂ ನಂಬಬೇಡಿ. ಗೋಡೆ ಗಡಿಯಾರ ನೋಡಿ ಮಾತ್ರೆ ತಗೊಳ್ಳಿ, ಮೊಬೈಲ್ ಹತ್ತಿರ ಇಟ್ಟುಕೊಳ್ಳಿ.” ಪ್ರತಿ ಭಾನುವಾರ ಒಮ್ಮೆ ಗುಂಡಿ ಒತ್ತಿ ನೋಡುವ ರೂಢಿ ಇರಲಿ.

ಇಷ್ಟೂ ದಪ್ಪಕ್ಷರದಲ್ಲಿ, ಹಾಳೆಯ ಒಂದೇ ಬದಿಯಲ್ಲಿ ಹಿಡಿಸಬೇಕು. ಊರಿನಿಂದ ಹೊರಡುವ ಮುನ್ನ ಅಪ್ಪ-ಅಮ್ಮನ ಕೈಗೆ ಹಾಳೆ ಕೊಟ್ಟು, ನೀವು ಬಾಯಿ ಬಿಡದೆ ಕುಳಿತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ ಬರೆಯಿರಿ.