ನಡುರಾತ್ರಿ ಎಬ್ಬಿಸಿ ಮಾಯವಾಗುವ ನೋವು

ಗಾಢ ನಿದ್ದೆಯಲ್ಲಿರುವಾಗ ಗುದದ್ವಾರದ ಒಳಗೆಲ್ಲೋ ಹಿಂಡಿ ಹಿಡಿದಂಥ ನೋವು. ಮಲಗಲೂ ಆಗದು, ಕೂರಲೂ ಆಗದು. ಮೈ ಬೆವರುತ್ತದೆ, ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ. ಮಲ ಹೋದರೆ ಸರಿಹೋದೀತೆಂದು ಶೌಚಾಲಯದಲ್ಲಿ ಕೂತರೆ ಏನೂ ಬರುವುದಿಲ್ಲ. ಮನೆಯವರನ್ನು ಎಬ್ಬಿಸಲೇ ಎಂದು ಯೋಚಿಸುವಷ್ಟರಲ್ಲಿ ನೋವು ತಾನಾಗಿ ಇಳಿದುಹೋಗುತ್ತದೆ. ಬೆಳಿಗ್ಗೆ ಎದ್ದರೆ ಏನೂ ನಡೆದೇ ಇಲ್ಲವೇನೋ ಎಂಬಂತೆ ಇರುತ್ತದೆ.

ವೈದ್ಯರು ಇದನ್ನು ಪ್ರಾಕ್ಟಾಲ್ಜಿಯಾ ಫ್ಯೂಗಾಕ್ಸ್ ಎನ್ನುತ್ತಾರೆ. ಅಪರೂಪದ ಕಾಯಿಲೆಯೇನಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ವೈದ್ಯರ ಬಳಿ ಬಾಯಿ ಬಿಡುವುದೇ ಇಲ್ಲ. ನಾಚಿಕೆ ಒಂದು ಕಾರಣವಾದರೆ, ಬೆಳಗಾಗುವಷ್ಟರಲ್ಲಿ ತೋರಿಸಲು ಏನೂ ಉಳಿದಿರುವುದಿಲ್ಲ ಎಂಬುದು ಇನ್ನೊಂದು.

42 ವರ್ಷದ ಒಬ್ಬ ಶಾಲಾ ಶಿಕ್ಷಕರಿಗೆ ಹೀಗಾಯಿತು ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ ನಾಲ್ಕು ಸಲ, ಪ್ರತಿ ಸಲವೂ ಐದರಿಂದ ಹತ್ತು ನಿಮಿಷ. ಮನೆಯಲ್ಲಿ ಉಷ್ಣ ಎಂದರು. ಮಜ್ಜಿಗೆ, ಮೆಂತ್ಯೆ ನಡೆಯಿತು. ಮೆಡಿಕಲ್ ಶಾಪಿನವರು ಪೈಲ್ಸ್ ಮುಲಾಮು ಕೊಟ್ಟರು. ಕೊನೆಗೆ, ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣಪಡಿಸುತ್ತೇವೆಂದು ಗೋಡೆಗೋಡೆಗೂ ಬರೆಸಿಕೊಳ್ಳುವ ಕ್ಲಿನಿಕ್ಕೊಂದು ಒಳಗೆ ಮೊಳಕೆಯಿದೆ, ಇಂಜೆಕ್ಷನ್ ಹಾಕಬೇಕು ಎಂದಿತು.

ಮೊಳಕೆ ಇದ್ದದ್ದು ನಿಜವೇ ಇರಬಹುದು. ಈ ವಯಸ್ಸಿನ ಬಹಳ ಜನರಲ್ಲಿ ಸಣ್ಣ ಒಳಮೂಲವ್ಯಾಧಿ ಕಾಣುತ್ತದೆ. ಆದರೆ ಗುದದ ಒಳಭಾಗದ ಆ ಪೊರೆಗೆ ಚರ್ಮಕ್ಕಿರುವಂಥ ನೋವಿನ ಅರಿವಿಲ್ಲ. ಹಾಗಾಗಿ ಒಳಮೂಲವ್ಯಾಧಿ ಸಾಮಾನ್ಯವಾಗಿ ರಕ್ತ ಸುರಿಸುತ್ತದೆಯೇ ಹೊರತು, ನಡುರಾತ್ರಿ ಹೀಗೆ ಹಿಂಡುವುದಿಲ್ಲ. ಕಂಡ ಮೊಳಕೆಯ ಮೇಲೆ ಕಾಣದ ನೋವಿನ ಆರೋಪ ಹೊರಿಸುವುದೇ ಇಲ್ಲಿ ಪದೇಪದೇ ನಡೆಯುವ ಎಡವಟ್ಟು.

ಅನುಭವಿ ಸರ್ಜನ್ ಒಬ್ಬರು ಪರೀಕ್ಷೆಗೆ ಮೊದಲೇ ಮೂರು ವಿಷಯ ಕೇಳುತ್ತಾರೆ: ನೋವು ಎಷ್ಟು ಹೊತ್ತು ಇತ್ತು, ಮಲವಿಸರ್ಜನೆಗೂ ಅದಕ್ಕೂ ಸಂಬಂಧವಿದೆಯೇ, ನೋವು ಹೋದ ಮೇಲೆ ಏನು ಉಳಿಯಿತು? ಫಿಶರ್, ಅಂದರೆ ಗುದದ ಅಂಚಿನ ಬಿರುಕು, ಮಲ ಹೋಗುವಾಗಲೇ ಕೊಯ್ಯುತ್ತದೆ. ಉರಿ ಒಂದೆರಡು ಗಂಟೆಯಾದರೂ ಕಾಡಬಹುದು, ಮಲದ ಮೇಲೆ ಕೆಂಪು ಗೆರೆ ಕಾಣುತ್ತದೆ. ಹೊರಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ನೀಲಿ ಗಂಟೊಂದು ಕೈಗೆ ಸಿಗುತ್ತದೆ; ಆ ನೋವು ದಿನಗಟ್ಟಲೆ ಬಿಡುವುದಿಲ್ಲ. ಕುಳಿತಷ್ಟೂ ಹೆಚ್ಚುವ, ಅರ್ಧ ಗಂಟೆ ಮೀರಿ ಎಳೆಯುವ ಮಂದ ನೋವಾದರೆ ಗುದವನ್ನು ಎತ್ತಿ ಹಿಡಿಯುವ ಸ್ನಾಯುಗಳ ಬಿಗಿತವನ್ನು ಸಂಶಯಿಸಬೇಕು. ಬೆರಳಿನಿಂದ ಪರೀಕ್ಷಿಸುವಾಗ ಆ ಸ್ನಾಯು ಮುಟ್ಟಿದರೆ ನೋಯುತ್ತದೆ.

ನಮ್ಮ ಶಿಕ್ಷಕರಿಗೆ ಇವ್ಯಾವುವೂ ಇರಲಿಲ್ಲ. ಬೆರಳಿನ ಪರೀಕ್ಷೆ ಮಾಡಿದರೂ, ಪ್ರಾಕ್ಟೋಸ್ಕೋಪ್ ಹಾಕಿ ನೋಡಿದರೂ ನೋವಿಗೆ ಕಾರಣ ಸಿಗಲಿಲ್ಲ. ಪ್ರಾಕ್ಟಾಲ್ಜಿಯಾವನ್ನು ಹಿಡಿದು ತೋರಿಸುವ ಸ್ಕ್ಯಾನ್ ಆಗಲಿ ರಕ್ತಪರೀಕ್ಷೆಯಾಗಲಿ ಇಲ್ಲ. ರೋಗಿ ಹೇಳುವ ಕಥೆ ಮತ್ತು ಬೇರೇನೂ ಇಲ್ಲವೆಂಬ ಖಾತ್ರಿ, ಇವೆರಡೂ ಕೂಡಿದರೆ ನಿರ್ಣಯ. ನೋವು ಅರ್ಧ ಗಂಟೆ ದಾಟಬಾರದು, ಎರಡು ದಾಳಿಗಳ ನಡುವೆ ಒಂದಿಷ್ಟೂ ನೋವಿರಬಾರದು.

ಕಾರಣ ಪೂರ್ತಿ ಬಗೆಹರಿದಿಲ್ಲ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದಿಲ್ಲವೇ, ಹಾಗೆಯೇ ಗುದದ ಒಳಬಿಗಿಸ್ನಾಯು ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತದೆ ಎಂಬುದು ಹೆಚ್ಚು ಒಪ್ಪಿಗೆಯಾದ ವಿವರಣೆ. ಮಾನಸಿಕ ಒತ್ತಡ, ಲೈಂಗಿಕ ಕ್ರಿಯೆ, ಮುಟ್ಟು ಕೆಲವರಲ್ಲಿ ಇದನ್ನು ಕೆರಳಿಸುತ್ತವೆ. ಕೆಲವು ಕುಟುಂಬಗಳಲ್ಲಿ ಮಾತ್ರ ಈ ಸ್ನಾಯು ಹುಟ್ಟುಗುಣದಿಂದಲೇ ದಪ್ಪಗಾಗಿರುತ್ತದೆ.

ನೋವಿನ ಮಾತ್ರೆ ನುಂಗಿದರೆ ಅದು ಕೆಲಸ ಶುರುಮಾಡುವ ಮೊದಲೇ ನೋವು ಹೋಗಿರುತ್ತದೆ. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದರಿಂದ ಕೆಲವರಿಗೆ ಬಿಗಿತ ಸಡಿಲಾಗುತ್ತದೆ. ತಲೆ ಸುತ್ತಿದರೆ ಮುಕ್ಕುತ್ತ ಕೂರದೆ ನೆಲದ ಮೇಲೆ ಮಲಗಿಬಿಡುವುದು ಲೇಸು. ಬಿದ್ದು ತಲೆಗೆ ಪೆಟ್ಟಾಗುವುದು ಇದಕ್ಕಿಂತ ದೊಡ್ಡ ಅಪಾಯ. ಮತ್ತೆ ಮತ್ತೆ, ಹೆಚ್ಚು ಹೊತ್ತು ಬರುವವರಿಗೆ ವೈದ್ಯರು ಅಸ್ತಮಾದ ಸಾಲ್ಬುಟಮಾಲ್ ಇನ್‌ಹೇಲರ್ ಕೊಡುವುದುಂಟು. 1996ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ದೀರ್ಘ ದಾಳಿಗಳು ಅದರಿಂದ ಬೇಗ ಮುಗಿದವು. ಐದು ನಿಮಿಷದ ನೋವಿಗೆ ಅದು ಅನಗತ್ಯ. ಸ್ನಾಯು ಸಡಿಲಿಸುವ ನೈಟ್ರೋಗ್ಲಿಸರಿನ್ ಮುಲಾಮೂ ಇದೆ. ತಲೆನೋವು ತರುತ್ತದೆ, ಸಿಲ್ಡೆನಾಫಿಲ್ ನುಂಗುವವರು ಅದನ್ನು ಮುಟ್ಟಲೇಬಾರದು. ಶಿಕ್ಷಕರಿಗೆ ಔಷಧಿಯನ್ನೇ ಬರೆಯಲಿಲ್ಲ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗುವುದೂ ಇಲ್ಲ ಎಂಬ ಮಾತೇ ಅವರಿಗೆ ಬೇಕಿದ್ದದ್ದು.

ಆದರೆ ನೋವು ಹೋಗದೆ ಗಂಟೆಗಂಟೆಗೂ ಏರುತ್ತ, ಮಿಡಿಯುತ್ತ, ಜ್ವರವೋ ಊತವೋ ಜೊತೆಗೂಡಿದರೆ ಅದು ಕೀವುಗಟ್ಟಿದ ಕುರು. ಅದನ್ನು ಅದೇ ದಿನ ತೋರಿಸಬೇಕು, ಸಕ್ಕರೆ ಕಾಯಿಲೆಯವರಂತೂ ತಡಮಾಡಲೇಬಾರದು. ಕೊಯ್ದು ಕೀವು ತೆಗೆಯದೆ ಬರೀ ಆಂಟಿಬಯಾಟಿಕ್‌ನಿಂದ ಸಾಮಾನ್ಯವಾಗಿ ವಾಸಿಯಾಗದು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲದ ರೂಢಿ, ಕಾರಣವಿಲ್ಲದೆ ಇಳಿದ ತೂಕ ಇವುಗಳಲ್ಲಿ ಯಾವುದಿದ್ದರೂ, ರಾತ್ರಿಯ ನೋವು ಎಷ್ಟೇ ಬೇಗ ಹೋಗಲಿ, ಕರುಳಿನ ಒಳಗನ್ನು ನೋಡಿಸಿಕೊಳ್ಳಲೇಬೇಕು.