ಸೋಲಾರ್‌ಗೆ ಸಹಿ ಹಾಕುವ ಮುನ್ನ ಟ್ಯಾಂಕಿನ ನೆರಳು ನೋಡಿ

ಮೈಸೂರಿನ 30–40 ಸೈಟಿನ ಮನೆಯೊಂದನ್ನು ತೆಗೆದುಕೊಳ್ಳೋಣ. ತಿಂಗಳಿಗೆ ಸುಮಾರು 350 ಯೂನಿಟ್ ಖರ್ಚು. ಇಂಥ ಮನೆಗೆ 3 ಕಿಲೋವ್ಯಾಟ್ ಸಾಕು. ದೊಡ್ಡ ಪ್ಯಾನಲ್‌ಗಳಾದರೆ ಆರು ಬೇಕು, ತಾರಸಿಯಲ್ಲಿ 300 ಚದರ ಅಡಿ ಜಾಗ ಹಿಡಿಯುತ್ತದೆ. ವರ್ಷದ ಸರಾಸರಿಯಲ್ಲಿ ದಿನಕ್ಕೆ 12 ಯೂನಿಟ್‌ನಷ್ಟು ಸಿಗುತ್ತದೆ. ಮಳೆಗಾಲದಲ್ಲಿ ಕಡಿಮೆ, ಮಾರ್ಚ್‌ನಲ್ಲಿ ಹೆಚ್ಚು.

ಈ ಲೆಕ್ಕ ಕೆಡುವುದು ಹೆಚ್ಚಾಗಿ ನೀರಿನ ಟ್ಯಾಂಕಿನಿಂದ. ಪ್ಯಾನಲ್‌ನೊಳಗಿನ ಸೆಲ್‌ಗಳು ಒಂದರ ಹಿಂದೊಂದು ಜೋಡಿಸಿದವು. ಒಂದೆರಡರ ಮೇಲೆ ನೆರಳು ಬಿದ್ದರೂ, ಪೈಪನ್ನು ಒಂದು ಕಡೆ ಹಿಸುಕಿದ ಹಾಗೆ, ಆ ಸಾಲಿನ ಕರೆಂಟೆಲ್ಲ ಕುಗ್ಗುತ್ತದೆ. ಡಯೋಡುಗಳು ನೆರಳಿನ ಭಾಗವನ್ನು ಬಿಟ್ಟು ಹರಿಯುವಂತೆ ಮಾಡುತ್ತವೆ, ನಿಜ. ಆದರೂ ಒಂದು ಮೂಲೆಯ ನೆರಳಿಗೆ ಪ್ಯಾನಲ್‌ನ ಮೂರನೇ ಒಂದು ಭಾಗದ ಉತ್ಪಾದನೆಯೇ ಹೋಗಬಹುದು.

ಏಪ್ರಿಲ್ ಮಧ್ಯಾಹ್ನ ಅಳತೆಗೆ ಬಂದವರಿಗೆ ಈ ನೆರಳು ಕಾಣುವುದೇ ಇಲ್ಲ, ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್‌ನಲ್ಲಿ ಅವನು ದಕ್ಷಿಣಕ್ಕೆ ವಾಲುತ್ತಾನೆ. ಆಗ ಬೆಳಿಗ್ಗೆ ಒಂಬತ್ತಕ್ಕೆ, ಪ್ಯಾನಲ್‌ಗಿಂತ ಆರಡಿ ಎತ್ತರವಿರುವ ಟ್ಯಾಂಕಿನ ನೆರಳು ಒಂಬತ್ತಡಿಗೂ ಮೀರಿ ವಾಯವ್ಯಕ್ಕೆ ಚಾಚುತ್ತದೆ. ಮಧ್ಯಾಹ್ನ ಮೂರೂವರೆಗೆ ಈಶಾನ್ಯಕ್ಕೆ. ಹಾಗಾಗಿ ಪ್ಯಾನಲ್‌ಗಳನ್ನು ಟ್ಯಾಂಕಿನ ದಕ್ಷಿಣಕ್ಕೆ ಕೂರಿಸಬೇಕು. ಜಾಗವಿಲ್ಲದಿದ್ದರೆ ಎತ್ತರದ ಸ್ಟ್ಯಾಂಡ್ ಹಾಕಿಸಿ, ಇಲ್ಲವೇ ಟ್ಯಾಂಕನ್ನೇ ಸರಿಸಿ. ಪಕ್ಕದ ಖಾಲಿ ಸೈಟಿನಲ್ಲಿ ನಾಳೆ ಮೂರಂತಸ್ತು ಏಳುವಂತಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ತಾರಸಿ ಸೋರುತ್ತದೆಂಬ ಭಯ ಸುಳ್ಳಲ್ಲ. ಆರ್‌ಸಿಸಿ ಕೊರೆದು ಬೋಲ್ಟ್ ಹಾಕಿ ಸರಿಯಾಗಿ ಮುಚ್ಚದಿದ್ದರೆ ಸೋರಿಯೇ ಸೋರುತ್ತದೆ. ಕೊರೆಯದೆ, ಭಾರದ ಕಾಂಕ್ರೀಟ್ ದಿಮ್ಮಿಗಳ ಮೇಲೆ ಸ್ಟ್ಯಾಂಡ್ ನಿಲ್ಲಿಸಲು ಹೇಳಿ. ಆದರೆ ಭಾರ ಗಾಳಿಗೆ ತಕ್ಕಷ್ಟಿರಬೇಕು.

ಜನ ಮೋಸ ಹೋದೆವೆಂದುಕೊಳ್ಳುವುದು ಕರೆಂಟ್ ಹೋದ ದಿನ. ಉರಿಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ! ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನ್ ಸತ್ತ ಕೂಡಲೇ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ನಿಮ್ಮ ತಾರಸಿಯ ಕರೆಂಟ್ ಕಂಬದಲ್ಲಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆಗೆ ಹೆಚ್ಚು ಕೊಡಬೇಕು.

ಹಣದ ವಿಷಯ: 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ನಿಗದಿಯಾಗಿದೆ. ಅದು ಖಾತೆಗೆ ಬೀಳುವುದು ಕೆಲಸ ಮುಗಿದು, ತಪಾಸಣೆಯಾಗಿ, ನೆಟ್ ಮೀಟರ್ ಕೂತ ಮೇಲೆ. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುವ ಮನೆಯವರು ಸದ್ಯಕ್ಕೆ ಅವಸರಪಡಬೇಕಿಲ್ಲ, ಅವರಿಗೆ ಉಳಿಸಲು ಬಿಲ್ಲೇ ಇಲ್ಲ.